ಏಪ್ರಿಲ್ 19ರ ಸಮಿತಿ ಸಭೆ: ರೆಕಾರ್ಡಿಂಗ್‌ನಿಂದ ತಯಾರಿಸಿದ ನಡಾವಳಿ

ನಿವಾಸಿಗಳ ಸಂಘ, ಬಿಜೈ, ಮಂಗಳೂರು
ಸಭೆ: ಭಾನುವಾರ, 19 ಏಪ್ರಿಲ್ 2026, ಬೆಳಿಗ್ಗೆ 10.15ರಿಂದ 11.50, ನೆಲ ಅಂತಸ್ತಿನ ಪಾರ್ಕಿಂಗ್‌ನಲ್ಲಿ
ಬರೆದವರು: ಜಂಟಿ ಕಾರ್ಯದರ್ಶಿ (ಫ್ಲ್ಯಾಟ್ 104)

ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿಯವರು ಮುಂಬೈಗೆ ಹೋಗಿರುವುದರಿಂದ ಈ ಸಲ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡಿದೆ, ಮಾತು ತಾನಾಗಿ ಅಕ್ಷರವಾಗುವ ಆಪ್‌ಗೆ ಕೊಟ್ಟೆ. 1 ಗಂಟೆ 35 ನಿಮಿಷದ ಮಾತು 31 ಪುಟ ಆಯಿತು. ಅದನ್ನು ಹಾಗೆಯೇ ಗ್ರೂಪಿಗೆ ಹಾಕಿದರೆ ಯಾರೂ ಓದುವುದಿಲ್ಲ. ಓದಿದರೂ ಅರ್ಥ ಆಗುವುದಿಲ್ಲ. ನಮ್ಮ ಸಭೆ ಅರ್ಧ ಕನ್ನಡ, ಅರ್ಧ ತುಳು. ಆಪ್‌ಗೆ ತುಳು ಬರುವುದಿಲ್ಲ. ಯಾರಾದರೂ ‘ಆವು’ ಅಂದಾಗಲೆಲ್ಲ ಅದು ‘ಹಾವು’ ಎಂದು ಬರೆದಿದೆ. 31 ಪುಟದಲ್ಲಿ ಒಟ್ಟು ಒಂಬತ್ತು ಹಾವುಗಳಿವೆ. ಒಂಬತ್ತೂ ಒಪ್ಪಿಗೆಗಳೇ, ಹೆದರಬೇಡಿ.

ಇನ್ನೊಂದು ತೊಂದರೆ ಆಪ್‌ದಲ್ಲ, ನಮ್ಮದೇ. ನಾವು ‘ಮಾಡುವ’ ಎನ್ನುತ್ತೇವೆ, ‘ನೋಡುವ’ ಎನ್ನುತ್ತೇವೆ. ಕೇಳುವಾಗ ಎರಡೂ ಒಂದೇ ಥರ. ಒಂದು ಉದಾಹರಣೆ ರೆಕಾರ್ಡಿಂಗ್‌ನಲ್ಲಿದ್ದ ಹಾಗೆಯೇ ಕೊಡುತ್ತೇನೆ (41ನೇ ನಿಮಿಷ):

> ಶೆಟ್ರು: ಹಾಗಾದ್ರೆ ತಾರಸಿ ಪೈಪ್ ಬಾವಿಗೆ ಬಿಡುವ, ಅಲ್ವಾ?
> ಒಬ್ಬರು: ಹಾವು.
> ಭಟ್ರು: ದುಡ್ಡು ಎಷ್ಟಾಗ್ತದೆ ಮಾರಾಯ್ರೆ?
> ಹಮೀದ್ ಸಾಹೇಬ್ರು: ಪ್ಲಂಬರ್ ಹದಿನೆಂಟೂವರೆ ಹೇಳಿದ್ದಾನೆ. ಮರಳು, ಜಲ್ಲಿ, ಇದ್ದಿಲು ಎಲ್ಲ ಸೇರಿ.
> ರೀಟಾ ಬಾಯಿ: ಮೊದಲ ಮಳೆ ಬಿಡ್ಬೇಡಿ. ಕಾಗೆ ಹಿಕ್ಕೆ ಎಲ್ಲ ಬಾವಿಗೆ ಹೋಗ್ತದೆ.
> ಶೆಟ್ರು: ಅದಕ್ಕೆ ವಾಲ್ವ್ ಉಂಟಲ್ಲ. ಆಯ್ತು, ಮಾಡುವ. ಸಾಹೇಬ್ರೆ, ನೀವು ಪ್ಲಂಬರ್‌ನ ಹತ್ರ ಮಾತಾಡ್ತೀರಾ?
> ಹಮೀದ್ ಸಾಹೇಬ್ರು: ನೋಡುವ.

ಇಲ್ಲಿ ತೀರ್ಮಾನ ಆಗಿದೆ, ಖರ್ಚು ಗೊತ್ತಾಗಿದೆ, ಆದರೆ ಹೊಣೆ ಯಾರದ್ದೂ ಆಗಿಲ್ಲ. ‘ನೋಡುವ’ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಹಾಗಾಗಿ ಅಧ್ಯಕ್ಷರು ‘ಆಯ್ತು’ ಅಂದು, ಯಾರೂ ಬೇಡ ಅನ್ನದೆ ಇದ್ದದ್ದನ್ನು ಮಾತ್ರ ತೀರ್ಮಾನ ಎಂದು ಬರೆದಿದ್ದೇನೆ. ಬಾಯಿ ಬಿಟ್ಟು ‘ನಾನು ಮಾಡ್ತೇನೆ’ ಅಂದವರ ಹೆಸರನ್ನು ಮಾತ್ರ ಹೊಣೆಯ ಕೆಳಗೆ ಹಾಕಿದ್ದೇನೆ. ಅನುಮಾನ ಇದ್ದ ಇಬ್ಬರಿಗೆ ಸೋಮವಾರ ಫೋನ್ ಮಾಡಿ ಕೇಳಿದೆ. ಅಂಥ ಕಡೆ ‘ಫೋನಿನಲ್ಲಿ ಒಪ್ಪಿದ್ದು’ ಎಂದು ಬರೆದಿದ್ದೇನೆ, ಸಭೆಯಲ್ಲಿ ಹೇಳಿದ್ದು ಅಂತ ತಿಳಿಯಬೇಡಿ.

ಹಾಜರಿದ್ದವರು

ಅಧ್ಯಕ್ಷರಾದ ಶೆಟ್ರು (301), ಖಜಾಂಚಿ ಭಟ್ರು (204), ರೀಟಾ ಬಾಯಿ (102), ಹಮೀದ್ ಸಾಹೇಬ್ರು (303), ಶೈಲಕ್ಕ (402), ಪ್ರಶಾಂತ (201), ನಾನು (104). ಒಂಬತ್ತು ಜನರಲ್ಲಿ ಏಳು. ಐದು ಜನ ಇದ್ದರೆ ಸಭೆ ನಡೆಸಬಹುದು, ಹಾಗಾಗಿ ತೊಂದರೆ ಇಲ್ಲ. ಶೈಲಕ್ಕ 10.40ಕ್ಕೆ ಬಂದರು. ಅದಕ್ಕೆ ಮೊದಲು ಯಾವ ತೀರ್ಮಾನವೂ ಆಗಿರಲಿಲ್ಲ.

ತೀರ್ಮಾನಗಳು

*1. ಟ್ಯಾಂಕರ್ ನೀರು.* ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದರೆ ನಮ್ಮ ನಳ್ಳಿಗೂ ಕತ್ತರಿ ಬೀಳುತ್ತದೆ. 2019ರಲ್ಲಿ, 2023ರಲ್ಲಿ ರೇಷನಿಂಗ್ ಆದದ್ದು ಎಲ್ಲರಿಗೂ ನೆನಪಿದೆ. ಕಳೆದ ಸಲದ ಜಗಳ ಟ್ಯಾಂಕರ್ ಬೇಕೋ ಬೇಡವೋ ಎಂದಲ್ಲ, ‘ಯಾರು ಹೇಳಿ ತರಿಸಿದ್ದು’ ಎಂದು. ಈಗ ನಿಯಮ ಇದು: ಬೆಳಿಗ್ಗೆ 6ಕ್ಕೆ ಸಂಪ್ ನೋಡಬೇಕು. ಅರ್ಧಕ್ಕಿಂತ ಕೆಳಗಿದ್ದರೆ 6,000 ಲೀಟರಿನ ಒಂದು ಟ್ಯಾಂಕರ್ ತರಿಸಬಹುದು, ಯಾರನ್ನೂ ಕೇಳಬೇಕಿಲ್ಲ. ವಾರಕ್ಕೆ ಮೂರು ಮಾತ್ರ. ನಾಲ್ಕನೆಯದು ಬೇಕಾದರೆ ಸಮಿತಿಯನ್ನು ಕೇಳಬೇಕು. ಒಂದಕ್ಕೆ 1,500 ರೂ. ಇದು ಮೇ 31ರ ತನಕ.

*2. ಬಾವಿ ಕೆಸರು ತೆಗೆಸುವುದು.* ಹಿಂಬದಿಯ ಹಳೆ ಬಾವಿಯನ್ನು ಈ ಬೇಸಿಗೆಯಲ್ಲೇ ಶುಚಿ ಮಾಡಿಸುವುದು. ಈಗ ನೀರು ತಳಕ್ಕೆ ಹೋಗಿರುತ್ತದೆ, ಇಳಿದವರಿಗೆ ಕೆಲಸ ಸುಲಭ. ಖರ್ಚು 12,000 ರೂ. ಮೀರಬಾರದು.

*3. ತಾರಸಿಯ ಮಳೆನೀರು ಬಾವಿಗೆ.* ಮರಳು, ಜಲ್ಲಿ, ಇದ್ದಿಲಿನ ಸೋಸುತೊಟ್ಟಿ ಕಟ್ಟಿಸಿ, ತಾರಸಿಯ ಪೈಪನ್ನು ಅದರ ಮೂಲಕ ಬಾವಿಗೆ ಬಿಡುವುದು. ಮೊದಲ ಎರಡು ಮಳೆಯ ನೀರನ್ನು ವಾಲ್ವ್ ತಿರುಗಿಸಿ ಚರಂಡಿಗೆ ಬಿಡಬೇಕು. ಖರ್ಚು 18,500 ರೂ. ಒಳಗೆ. ‘ಇಷ್ಟು ಖರ್ಚು ಮಾಡಿದರೆ ಏನು ಸಿಗ್ತದೆ’ ಎಂದು ಭಟ್ರು ಕೇಳಿದ್ದಕ್ಕೆ ಪ್ರಶಾಂತ ಅಲ್ಲೇ ಲೆಕ್ಕ ಹಾಕಿದ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ 4,500 ಚದರ ಅಡಿ, ಅಂದರೆ ಸುಮಾರು 418 ಚದರ ಮೀಟರ್. ಒಂದು ದಿನ 100 ಮಿ.ಮೀ. ಸುರಿದರೆ, ಐದರಲ್ಲೊಂದು ಪಾಲು ಪೋಲಾಯಿತು ಎಂದಿಟ್ಟುಕೊಂಡರೂ 33,000 ಲೀಟರಿಗಿಂತ ಜಾಸ್ತಿ. ಐದು ಟ್ಯಾಂಕರಿಗೂ ಮೇಲೆ. ಜುಲೈಯಲ್ಲಿ ನಮ್ಮ ಊರಿಗೆ ಅಂಥ ದಿನ ಹೊಸತೇನಲ್ಲ. ಭಟ್ರು ಮತ್ತೆ ಮಾತಾಡಲಿಲ್ಲ.

*4. ತೆಂಗಿನ ಮರ.* ಪಾರ್ಕಿಂಗ್ ಮೇಲೆ ಬಾಗಿದ ಎರಡು ಮರಗಳ ಕಾಯಿ ಕೀಳಿಸಿ, ಒಣ ಮಡಲು ತೆಗೆಸುವುದು. 2,400 ರೂ. ಅಲ್ಲಿಯ ತನಕ ಆ ಎರಡು ಮರದ ಬುಡದಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಮಾರ್ಚ್‌ನಲ್ಲಿ ಕಾಯಿ ಬಿದ್ದು ಸ್ಕೂಟರಿನ ಹೆಡ್‌ಲೈಟ್ ಒಡೆದಿತ್ತು. ಕೆಳಗೆ ಮಗು ಇರಲಿಲ್ಲ, ನಮ್ಮ ಪುಣ್ಯ.

*5. 402ರ ಸೋರಿಕೆಗೆ ತಾತ್ಕಾಲಿಕ ಕೆಲಸ.* ಶೈಲಕ್ಕನ ಮನೆಯ ಅಡುಗೆಕೋಣೆ ಮೂಲೆಯಲ್ಲಿ ಬಿರುಕಿದೆ. ಅದಕ್ಕೆ ತಾರಸಿ ಕಡೆಯಿಂದ ಮಳೆಗೆ ಮೊದಲೇ ಪ್ಯಾಚ್ ಹಾಕಿಸುವುದು. 6,000 ರೂ. ಒಳಗೆ, ಸಂಘದ ಖರ್ಚಿನಲ್ಲಿ. ಶಾಶ್ವತ ಕೆಲಸದ ವಿಷಯ ಕೆಳಗೆ ಬೇರೆ ಇದೆ.

*6. ವಾಚ್‌ಮನ್.* ಮೇ 1ರಿಂದ ಸಂಬಳ ತಿಂಗಳಿಗೆ 1,000 ರೂ. ಜಾಸ್ತಿ. ಒಂದು ರೈನ್‌ಕೋಟು, ಒಂದು ಟಾರ್ಚು, ಎರಡಕ್ಕೂ ಸೇರಿ 1,600 ರೂ. ಇಡೀ ಸಭೆಯಲ್ಲಿ ತಕರಾರಿಲ್ಲದೆ ಮುಗಿದದ್ದು ಇದೊಂದೇ. 50 ಸೆಕೆಂಡ್ ಹಿಡಿಯಿತು.

*7. ಕಸ.* ಮೆಟ್ಟಿಲ ಮೇಲೆ ಚೀಲ ಇಡುವುದು ಬೇಡ. ಹಸಿ, ಒಣ ಬೇರೆ ಬೇರೆ. ಹಳೆಯ ತೀರ್ಮಾನವೇ, ಮತ್ತೊಮ್ಮೆ ಹೇಳಿದ್ದು.

ಹಣದ ಲೆಕ್ಕ: ನಿಧಿಯಲ್ಲಿರುವುದು 1,46,300 ರೂ. ಮೇಲಿನ 2ರಿಂದ 6ರವರೆಗಿನ ಒಮ್ಮೆಯ ಖರ್ಚು ಒಟ್ಟು 40,500. ಆರು ವಾರ ವಾರಕ್ಕೆ ಮೂರರಂತೆ ಟ್ಯಾಂಕರ್ ಬಂದರೆ 27,000. ಎಲ್ಲ ಹೋಗಿ 78,800 ಉಳಿಯಬೇಕು. ಸಂಬಳದ ಏರಿಕೆ ತಿಂಗಳ ಮೆಂಟೆನೆನ್ಸ್‌ನಿಂದ.

ಹೊಣೆ

ಪ್ರಶಾಂತ: ಸಂಪ್ ನೋಡಿಸುವುದು, ಟ್ಯಾಂಕರಿಗೆ ಫೋನ್ ಮಾಡುವುದು (1). ಬೆಳಿಗ್ಗೆ 6ಕ್ಕೆ ತಾನು ಏಳುವುದಿಲ್ಲ, ವಾಚ್‌ಮನ್ ಅಳತೆ ಕಳಿಸಲಿ ಎಂದಿದ್ದಾನೆ. ಅದಕ್ಕೂ ಒಪ್ಪಿಗೆ ಸಿಕ್ಕಿದೆ.

ಹಮೀದ್ ಸಾಹೇಬ್ರು: ಬಾವಿ ಕೆಲಸದವರು (2), ಪ್ಲಂಬರ್ ಮತ್ತು ಸೋಸುತೊಟ್ಟಿ (3). ಬಾವಿಯದ್ದು ಸಭೆಯಲ್ಲೇ ಒಪ್ಪಿದ್ದು. ಸೋಸುತೊಟ್ಟಿಯದ್ದು ಫೋನಿನಲ್ಲಿ ಒಪ್ಪಿದ್ದು. ‘ನಾನು ನೋಡುವ ಅಂದದ್ದು ಮಾಡ್ತೇನೆ ಅಂತಲೇ’ ಎಂದರು. ಇನ್ನು ಮುಂದೆ ಹಾಗೇ ಹೇಳಿ ಸಾಹೇಬ್ರೆ.

ರೀಟಾ ಬಾಯಿ: ಮರ ಹತ್ತುವವರನ್ನು ಕರೆಸುವುದು (4). ಕಿನ್ನಿಗೋಳಿ ಕಡೆಯ ಒಬ್ಬರು ಗೊತ್ತು, ಅವರು ಸಿಗುವುದೇ ಕಷ್ಟ ಎಂದಿದ್ದಾರೆ.

ಶೈಲಕ್ಕ: ಪ್ಯಾಚ್ ಹಾಕುವ ಮೇಸ್ತ್ರಿಯನ್ನು ಕರೆಸಿ ನಿಂತು ಮಾಡಿಸುವುದು (5). ಫೋನಿನಲ್ಲಿ ಒಪ್ಪಿದ್ದು. ಸಭೆಯಲ್ಲಿ ‘ಶೈಲಕ್ಕ ಮತ್ತು ಶೆಟ್ರು’ ಎಂದು ಎರಡು ಹೆಸರು ಬಂದಿತ್ತು. ಎರಡು ಹೆಸರಿದ್ದರೆ ಇಬ್ಬರೂ ಇನ್ನೊಬ್ಬರು ಮಾಡ್ತಾರೆ ಅಂತ ಕೂರುತ್ತಾರೆ, ಅದಕ್ಕೆ ಒಬ್ಬರನ್ನೇ ಇಟ್ಟೆ.

ಶೆಟ್ರು: ತಾರಸಿಯ ಶಾಶ್ವತ ಕೆಲಸಕ್ಕೆ ಮೂರು ಕೊಟೇಶನ್. ‘ನಾನೇ ತರ್ತೇನೆ’ ಎಂದದ್ದು 1 ಗಂಟೆ 12ನೇ ನಿಮಿಷದಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಭಟ್ರು: ಹಣ ಕೊಡುವುದು, ಬಿಲ್ಲು ಇಡುವುದು, ವಾಚ್‌ಮನ್‌ಗೆ ಏರಿಕೆ, ರೈನ್‌ಕೋಟು, ಟಾರ್ಚು (6).

ನಾನು: ಮರದ ಬುಡದಲ್ಲಿ ಗಾಡಿ ನಿಲ್ಲಿಸಬಾರದು ಎಂಬ ಬೋರ್ಡು (4), ಕಸದ ನೋಟೀಸು (7).

ಗಡುವು

22 ಏಪ್ರಿಲ್, ಬುಧವಾರ: ಬೋರ್ಡು, ನೋಟೀಸು.
26 ಏಪ್ರಿಲ್, ಭಾನುವಾರ: ಟ್ಯಾಂಕರಿನವರ ಫೋನ್ ನಂಬರ್, ದರ ವಾಚ್‌ಮನ್ ಕೋಣೆಯಲ್ಲಿ ಅಂಟಿಸಿರಬೇಕು.
1 ಮೇ, ಶುಕ್ರವಾರ: ಹೊಸ ಸಂಬಳ ಜಾರಿ. ರೈನ್‌ಕೋಟು, ಟಾರ್ಚು ಕೈಗೆ.
3 ಮೇ, ಭಾನುವಾರ: ತೆಂಗಿನ ಮರ.
10 ಮೇ, ಭಾನುವಾರ: ಬಾವಿ ಶುಚಿ.
15 ಮೇ, ಶುಕ್ರವಾರ: 402ರ ಪ್ಯಾಚ್. ಅದೇ ದಿನ ಮೂರು ಕೊಟೇಶನ್.
24 ಮೇ, ಭಾನುವಾರ: ಸೋಸುತೊಟ್ಟಿ, ಪೈಪು. ಕೊಡಪಾನದಲ್ಲಿ ನೀರು ಸುರಿದು ನೋಡುವುದೂ ಅದೇ ದಿನ.

ಬಾವಿಯ ತಾರೀಕಿನಲ್ಲಿ ಗೊಂದಲ ಇತ್ತು. 22ನೇ ನಿಮಿಷದಲ್ಲಿ ಮೇ 15 ಎಂದರು, 58ನೇ ನಿಮಿಷದಲ್ಲಿ ಮೇ 10 ಎಂದರು. ಕೊನೆಗೆ ಹೇಳಿದ್ದನ್ನೇ ಹಿಡಿದಿದ್ದೇನೆ. ಬಾವಿ ಮುಗಿಯದೆ ಪ್ಲಂಬರ್ ಪೈಪು ಇಳಿಸುವ ಹಾಗಿಲ್ಲ, ಅದಕ್ಕೆ ಮೇ 10 ಎಂಬುದೇ ಸರಿ. ಮೇ 24 ತಪ್ಪಿದರೆ ಮಳೆಯ ಕೈಗೆ ಸಿಗುತ್ತೇವೆ. ಜೂನ್ ಮೊದಲ ವಾರ ನಮ್ಮನ್ನು ಕಾಯುವುದಿಲ್ಲ.

ತೀರ್ಮಾನ ಆಗದ್ದು

ತಾರಸಿಗೆ ವಾಟರ್‌ಪ್ರೂಫಿಂಗೋ, ಶೀಟೋ? 23 ನಿಮಿಷ ಚರ್ಚೆ ಆಯಿತು. ಶೀಟ್ ಹಾಕಿದರೆ ಬಟ್ಟೆ ಒಣಗಿಸಲೂ ಆಗುತ್ತದೆ ಎಂದು ಶೈಲಕ್ಕ. ಗಾಳಿಗೆ ಹಾರಿದರೆ ಪಕ್ಕದ ಮನೆಯವರಿಗೆ ಉತ್ತರ ಕೊಡುವವರು ಯಾರು ಎಂದು ಭಟ್ರು. ಶೀಟಿನ ಮೇಲೆ ಬಿದ್ದ ನೀರೂ ಬಾವಿಗೇ ಹೋಗುತ್ತದಲ್ಲ ಎಂದು ಪ್ರಶಾಂತ. ಪಾಲಿಕೆಯ ಅನುಮತಿ ಬೇಕೋ ಎಂಬುದನ್ನು ಶೆಟ್ರು ಕೊಟೇಶನ್ ಜೊತೆಗೆ ವಿಚಾರಿಸಿಕೊಂಡು ಬರುತ್ತಾರೆ. ಮೇ 17ರ ಸಭೆಯಲ್ಲಿ ಮತ್ತೆ.

ಕಿತ್ತ ತೆಂಗಿನಕಾಯಿ ಯಾರಿಗೆ? 16 ಮನೆಗೂ ಸಮನಾಗಿ ಹಂಚುವುದು, ಮಾರಿ ನಿಧಿಗೆ ಹಾಕುವುದು, ಹತ್ತಿದವರಿಗೇ ಕೊಡುವುದು, ಹೀಗೆ ಮೂರು ಸಲಹೆ ಬಂತು. 19 ನಿಮಿಷ ಮಾತಾಡಿದೆವು. ಬಾವಿಗೆ ಕೊಟ್ಟದ್ದಕ್ಕಿಂತ ಇದು ಜಾಸ್ತಿ. ಮುಗಿಯಲಿಲ್ಲ. ಮೇ 3ಕ್ಕೆ ಕಾಯಿ ಕೆಳಗೆ ಬರುತ್ತದೆ, ಮುಂದಿನ ಸಭೆ ಮೇ 17ಕ್ಕೆ. ಅಲ್ಲಿಯ ತನಕ ಕಾಯಿ ಪಂಪ್ ಕೋಣೆಯಲ್ಲಿರುತ್ತದೆ. ಬೀಗದ ಕೈ ಭಟ್ರ ಹತ್ತಿರ.

ಬಿಟ್ಟದ್ದು

ಮೆಂಟೆನೆನ್ಸ್ ಬಾಕಿ ಇರುವ ಮೂರು ಫ್ಲ್ಯಾಟುಗಳ ನಂಬರ್ ರೆಕಾರ್ಡಿಂಗ್‌ನಲ್ಲಿ ಇದೆ, ಇಲ್ಲಿ ಹಾಕಿಲ್ಲ. ಭಟ್ರು ಅವರ ಹತ್ತಿರ ನೇರ ಮಾತಾಡುತ್ತಾರೆ. ಲಿಫ್ಟಿನ ಬಗ್ಗೆ ಇಬ್ಬರ ನಡುವೆ ಆದ ಮಾತುಕತೆಯನ್ನೂ ಬಿಟ್ಟಿದ್ದೇನೆ. ಸಭೆ ಮುಗಿಯುವ ಹೊತ್ತಿಗೆ ಅವರಿಬ್ಬರೂ ಒಟ್ಟಿಗೆ ಚಹಾ ಕುಡಿದಿದ್ದಾರೆ.

ತಪ್ಪಿದ್ದರೆ ಏಪ್ರಿಲ್ 25ರ ಶನಿವಾರ ರಾತ್ರಿಯೊಳಗೆ ನನಗೆ ಹೇಳಿ, ಯಾವ ನಂಬರಿನ ತೀರ್ಮಾನ ಎಂದೂ ಹೇಳಿ. ‘ನಾನು ಹಾಗೆ ಅನ್ನಲಿಲ್ಲ’ ಎನ್ನುವವರು ಮನೆಗೆ ಬನ್ನಿ, ಒಟ್ಟಿಗೆ ಕೂತು ಕೇಳುವ. ಮೇ 17ರ ಸಭೆಯಲ್ಲಿ ನಡಾವಳಿಗೆ ಸಹಿ ಬಿದ್ದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇನೆ.

ಮುಂದಿನ ಸಭೆ: ಭಾನುವಾರ, 17 ಮೇ 2026, ಬೆಳಿಗ್ಗೆ 10ಕ್ಕೆ, ಪಾರ್ಕಿಂಗ್‌ನಲ್ಲೇ. ತೆಂಗಿನ ಮರದಿಂದ ಸ್ವಲ್ಪ ದೂರ.

ಜಂಟಿ ಕಾರ್ಯದರ್ಶಿ
21 ಏಪ್ರಿಲ್ 2026