ಶ್ವೇತಾ, ನಾಲ್ಕನೆಯದನ್ನೇ ಹಾಕು

ಶ್ವೇತಾ, ಗೋವಾದಲ್ಲಿ ತೆಗೆದ ಐದು ಫೋಟೋ ಕಳಿಸಿ ಯಾವುದನ್ನು ಪೋಸ್ಟ್ ಮಾಡಲಿ ಅಂತ ಕೇಳಿದ್ದೆಯಲ್ಲ, ಐದೂ ನೋಡಿದೆ. ಹಾಕುವುದಾದರೆ ನಾಲ್ಕನೆಯದು, ಫೆರಿ ದೋಣಿಯದ್ದು ಹಾಕು. ಅದೊಂದೇ ಸಾಕು.

ನೀನು ಅದಕ್ಕೆ "ಇದು ಸುಮ್ನೆ ತೆಗೆದದ್ದು" ಅಂತ ಬರೆದಿದ್ದೀಯ. ಅದಕ್ಕೇ ಚೆನ್ನಾಗಿ ಬಂದಿದೆ ಕಣೇ. ಬೇರೆ ಫೋಟೋಗಳಲ್ಲಿ ನಿಮ್ಮಮ್ಮ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಬಿಗಿದುಕೊಂಡಿದ್ದಾರೆ. ಇದರಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹಾರುವ ಸೆರಗು. ಕನ್ನಡಕ ಮೂಗಿನ ತುದಿಗೆ ಜಾರಿದೆ. ಪಕ್ಕದ ಮೀನಿನ ಬುಟ್ಟಿಯವಳು ಏನೋ ಹೇಳಿದ್ದಾಳೆ, ಇವರು ಬಾಯ್ತುಂಬ ನಗುತ್ತಿದ್ದಾರೆ. ಅವಳದು ಕೊಂಕಣಿ, ಅಮ್ಮನದು ಬಾಗಲಕೋಟೆ ಕನ್ನಡ, ಅದೇನು ಮಾತಾಡಿಕೊಂಡರೋ! ಹಿಂದೆ ಮಾಂಡೋವಿ ನದಿ, ಆಚೆ ದಿವಾರ್ ದ್ವೀಪದ ಹಸಿರು. ಗೋವಾ ಅಂತ ಬೇರೆ ಹೇಳಬೇಕಾಗಿಲ್ಲ.

ಸ್ವಲ್ಪ ಕೆಲಸ ಇದೆ. ನೀರಿನ ಗೆರೆ ಬಲಕ್ಕೆ ವಾಲಿದೆ, ಮೊದಲು ಅದನ್ನು ನೇರ ಮಾಡು. ಆಮೇಲೆ 4:5ಕ್ಕೆ ಉದ್ದುದ್ದ ಕತ್ತರಿಸು. ಎಡಗಡೆಯ ಸ್ಕೂಟರ್, ಅದರ ನಂಬರ್ ಪ್ಲೇಟ್ ಎರಡೂ ಹೋಗುತ್ತವೆ. ಬುಟ್ಟಿಯವಳ ಮುಖ ಹೇಗೂ ಆಚೆ ತಿರುಗಿದೆ, ಪರವಾಗಿಲ್ಲ. ಫಿಲ್ಟರ್ ಮಾತ್ರ ಹಾಕಬೇಡ. ಇಳಕಲ್ ಸೀರೆಯ ಕೆಂಪು ಸೆರಗು ಕಿತ್ತಳೆ ಆಗಿಬಿಡುತ್ತದೆ.

ನಿನಗೆ ಪಣಜಿಯ ಹಳೇ ಬಡಾವಣೆ ಫೌಂಟೇನ್ಹಾಸ್‌ದು ಇಷ್ಟ ಅಂತ ಗೊತ್ತು. ಹಳದಿ ಗೋಡೆ, ನಿನ್ನ ನೀಲಿ ಕುರ್ತಾ, ಲೈಕ್ ಅದಕ್ಕೇ ಜಾಸ್ತಿ ಬರುತ್ತದೆ. ಆದರೆ ದೊಡ್ಡದು ಮಾಡಿ ನೋಡು: ನಿನ್ನ ಭುಜದ ಹಿಂದಿನ ಕಿಟಕಿಯಲ್ಲಿ ಒಬ್ಬ ಅಜ್ಜ ಬನಿಯನ್‌ನಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾರೆ. ಅವು ಜನ ವಾಸ ಮಾಡುವ ಮನೆಗಳು. ಬಾಗಿಲ ಮುಂದೆ ದಿನವಿಡೀ ಫೋಟೋ ತೆಗೆಯುವವರ ಕಾಟಕ್ಕೆ ಕೆಲವರು ಬೋರ್ಡೇ ಹಾಕಿದ್ದಾರೆ. ಪಣಜಿಯಲ್ಲಿ ಇರುವವಳು ನಾನು, ಇದನ್ನು ಹಾಕು ಅಂತ ಹೇಗೆ ಹೇಳಲಿ? ನಿನ್ನ ಹತ್ತಿರ ಇರಲಿ, ಡಿಪಿಗೆ ಮುಖ ಮಾತ್ರ ಕತ್ತರಿಸಿಕೋ.

ಬಾಮ್ ಜೀಸಸ್ ಚರ್ಚಿನದು ಬೇಡ. ಗಾರೆ ಇಲ್ಲದ ಆ ಕೆಂಪು ಕಲ್ಲಿನ ಗೋಡೆ ಎಷ್ಟು ಚೆಂದ! ನಿಮ್ಮೆಜಮಾನರು ಮೇಲ್ಭಾಗವನ್ನೇ ಹಾರಿಸಿ ಕೆಳಗೆ ಅಂಗಳ ತುಂಬಿಸಿದ್ದಾರೆ. ಮಿರಾಮಾರ್ ಬೀಚಿನದರಲ್ಲಿ ಸೂರ್ಯ ಚೆನ್ನಾಗಿದ್ದಾನೆ, ನೀವೆಲ್ಲ ಕಪ್ಪು ನೆರಳು. ಬೆಳಕು ಏರಿಸಿ ನೋಡಿದೆ, ಮುಖದ ತುಂಬ ಚುಕ್ಕೆ ಬಂತು. ಇನ್ನು ಮೀನಿನ ಊಟದ ತಟ್ಟೆ? ನಿಮ್ಮತ್ತೆ ನಿನ್ನನ್ನು ಫಾಲೋ ಮಾಡುತ್ತಾರೆ ಅಲ್ವಾ? ಶ್ರಾವಣ ಬೇರೆ. ಯೋಚನೆ ಮಾಡು.

ಹಾಕುವ ಮುಂಚೆ ಅಮ್ಮನಿಗೆ ತೋರಿಸು. "ಕೂದಲು ಕೆದರಿದೆ" ಅಂತ ಗೊಣಗಬಹುದು, ಬೇಡವೇ ಬೇಡ ಅಂದರೆ ಬಿಟ್ಟುಬಿಡು. ಒಪ್ಪಿದರೆ ನಿನ್ನ ಗ್ಯಾಲರಿಯಲ್ಲಿರುವ ಮೂಲ ಫೋಟೋ ಹಾಕು. ವಾಟ್ಸಾಪ್‌ನಲ್ಲಿ ನನಗೆ ಕಳಿಸಿದ್ದು ಮಸುಕಾಗಿದೆ. ಮೇಲೆ "ಅಮ್ಮ, ದಿವಾರ್ ಫೆರಿ" ಅಂತಷ್ಟೇ ಬರಿ, ಇಪ್ಪತ್ತು ಹ್ಯಾಷ್‌ಟ್ಯಾಗ್ ಬೇಡ. ಮತ್ತೆ ಆ ಮೂಲ ಫೋಟೋ ನನಗೂ ಡಾಕ್ಯುಮೆಂಟ್ ಮಾಡಿ ಕಳಿಸು, ನಮ್ಮಮ್ಮನಿಗೆ ತೋರಿಸಬೇಕು.