ವೃತ್ತ, ಸ್ಪರ್ಶಕ, ಜ್ಯಾ: ಒಂದು ಪ್ರಶ್ನೆ ಮತ್ತು ಅದರ ಪರಿಹಾರ

ಪ್ರಶ್ನೆ

P(5, 3) ಮತ್ತು Q(−2, 2) ಬಿಂದುಗಳ ಮೂಲಕ ಹಾದುಹೋಗುವ ಒಂದು ವೃತ್ತದ ಕೇಂದ್ರವು x − 2y = 4 ಎಂಬ ಸರಳರೇಖೆಯ ಮೇಲಿದೆ.

(ಅ) ವೃತ್ತದ ಸಮೀಕರಣವನ್ನು ಕಂಡುಹಿಡಿಯಿರಿ.
(ಆ) P ಬಿಂದುವಿನಲ್ಲಿ ವೃತ್ತಕ್ಕೆ ಎಳೆದ ಸ್ಪರ್ಶಕದ ಸಮೀಕರಣವನ್ನು ಬರೆಯಿರಿ.
(ಇ) 3x + 4y = 17 ಎಂಬ ರೇಖೆಯು ವೃತ್ತವನ್ನು ಛೇದಿಸಿದಾಗ ಉಂಟಾಗುವ ಜ್ಯಾದ ಉದ್ದವೆಷ್ಟು?
(ಈ) 3x + 4y = k ಎಂಬ ರೇಖೆಯಿಂದ 6 ಮಾನ ಉದ್ದದ ಜ್ಯಾ ಉಂಟಾಗಬೇಕಾದರೆ k ಬೆಲೆ ಏನಿರಬೇಕು?

ಪರಿಹಾರ

(ಅ) ಕೇಂದ್ರವನ್ನು (h, k) ಎಂದಿಟ್ಟುಕೊಂಡು ಎರಡು ದೂರಗಳನ್ನು ಸಮೀಕರಿಸುವುದೂ ಸರಿಯಾದ ದಾರಿಯೇ. ಆದರೆ ಕೊನೆಯ ಭಾಗದಲ್ಲಿ k ಅಕ್ಷರಕ್ಕೆ ಬೇರೆ ಅರ್ಥವಿರುವುದರಿಂದ ಇಲ್ಲಿ ಅದನ್ನು ಬಳಸದೆ, ಜ್ಯಾದ ಲಂಬಾರ್ಧಕವು ಯಾವಾಗಲೂ ಕೇಂದ್ರದ ಮೂಲಕ ಹಾದುಹೋಗುತ್ತದೆ ಎಂಬ ಗುಣವನ್ನೇ ಆಶ್ರಯಿಸೋಣ. PQ ಜ್ಯಾದ ಮಧ್ಯಬಿಂದು (3/2, 5/2). ಅದರ ಇಳಿಜಾರು (3 − 2)/(5 + 2) = 1/7 ಆಗಿರುವುದರಿಂದ ಲಂಬಾರ್ಧಕದ ಇಳಿಜಾರು −7. ಆದ್ದರಿಂದ ಲಂಬಾರ್ಧಕದ ಸಮೀಕರಣ

y − 5/2 = −7(x − 3/2), ಅಂದರೆ 7x + y = 13.

ಕೇಂದ್ರವು ಈ ರೇಖೆಯ ಮೇಲೂ x − 2y = 4 ರೇಖೆಯ ಮೇಲೂ ಇರಬೇಕು. ಮೊದಲನೆಯದರಿಂದ ದೊರೆಯುವ y = 13 − 7x ಅನ್ನು ಎರಡನೆಯದರಲ್ಲಿ ಆದೇಶಿಸಿದರೆ 15x = 30; ಹೀಗಾಗಿ x = 2, y = −1. ಕೇಂದ್ರ C(2, −1) ಎಂದಾಯಿತು. ತ್ರಿಜ್ಯದ ವರ್ಗ

CP² = (5 − 2)² + (3 + 1)² = 9 + 16 = 25.

Q ಬಿಂದುವಿನಿಂದ ಲೆಕ್ಕ ಹಾಕಿದರೂ 16 + 9 = 25 ಬರುವುದರಿಂದ ಕೇಂದ್ರವು ಸರಿಯಾಗಿದೆಯೆಂದು ಖಚಿತವಾಗುತ್ತದೆ. ವೃತ್ತದ ಸಮೀಕರಣ

(x − 2)² + (y + 1)² = 25, ಅಥವಾ x² + y² − 4x + 2y − 20 = 0.

(ಆ) ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯಕ್ಕೆ ಸ್ಪರ್ಶಕವು ಲಂಬವಾಗಿರುತ್ತದೆ. CP ತ್ರಿಜ್ಯದ ಇಳಿಜಾರು 4/3 ಆದ್ದರಿಂದ ಸ್ಪರ್ಶಕದ ಇಳಿಜಾರು −3/4.

y − 3 = −(3/4)(x − 5), ಅಂದರೆ 3x + 4y = 27.

(ಇ) ದತ್ತ ರೇಖೆಯೂ ಸ್ಪರ್ಶಕವೂ ಪರಸ್ಪರ ಸಮಾಂತರವಾಗಿವೆ ಎಂಬುದನ್ನು ಸಹಗುಣಕಗಳೇ ಹೇಳುತ್ತವೆ. ಕೇಂದ್ರದಿಂದ ಈ ರೇಖೆಗಿರುವ ಲಂಬದೂರ

d = |3(2) + 4(−1) − 17| / √(3² + 4²) = 15/5 = 3.

ಈ ದೂರವು ತ್ರಿಜ್ಯಕ್ಕಿಂತ ಕಡಿಮೆಯಿರುವುದರಿಂದ ರೇಖೆಯು ವೃತ್ತವನ್ನು ಎರಡು ಬಿಂದುಗಳಲ್ಲಿ ಛೇದಿಸುತ್ತದೆ. ಕೇಂದ್ರದಿಂದ ಎಳೆದ ಲಂಬವು ಜ್ಯಾವನ್ನು ಸಮಭಾಗ ಮಾಡುವುದರಿಂದ, ತ್ರಿಜ್ಯವೇ ವಿಕರ್ಣವಾಗಿರುವ ಲಂಬಕೋನ ತ್ರಿಭುಜದಲ್ಲಿ ಅರ್ಧಜ್ಯಾವು √(25 − 9) = 4. ಜ್ಯಾದ ಉದ್ದ 2 × 4 = 8 ಮಾನಗಳು. ಪೈಥಾಗೊರಸ್ ಪ್ರಮೇಯದಿಂದ ದೊರೆಯುವುದು ಅರ್ಧಜ್ಯಾ ಮಾತ್ರ. 4 ಎಂದು ಬರೆದು ಅಲ್ಲಿಗೇ ನಿಲ್ಲಿಸಿದ ಉತ್ತರ ಅಪೂರ್ಣವಾಗುತ್ತದೆ.

ಛೇದನ ಬಿಂದುಗಳನ್ನೇ ಕಂಡುಹಿಡಿದು ಇದನ್ನು ತಾಳೆ ನೋಡಬಹುದು. x = (17 − 4y)/3 ಎಂದು ವೃತ್ತದ ಸಮೀಕರಣದಲ್ಲಿ ಆದೇಶಿಸಿ 9 ರಿಂದ ಗುಣಿಸಿದರೆ

(11 − 4y)² + 9(y + 1)² = 225,
25y² − 70y − 95 = 0,
5y² − 14y − 19 = 0,
(5y − 19)(y + 1) = 0.

ಛೇದನ ಬಿಂದುಗಳು (7, −1) ಮತ್ತು (3/5, 19/5). ಇವುಗಳ ನಡುವಿನ ದೂರ √((32/5)² + (24/5)²) = √1600 / 5 = 8. ಉತ್ತರ ಒಂದೇ ಆದರೂ, ಬಿಂದುಗಳನ್ನು ಕೇಳದೆ ಉದ್ದವನ್ನಷ್ಟೇ ಕೇಳಿದಾಗ ವರ್ಗಸಮೀಕರಣದ ಗೊಡವೆಗೆ ಹೋಗದೆ ಲಂಬದೂರದ ದಾರಿ ಹಿಡಿಯುವುದೇ ಮೇಲು. ಭಿನ್ನರಾಶಿಗಳಲ್ಲಿ ಚಿಹ್ನೆ ತಪ್ಪುವ ಸಂಭವ ಅಲ್ಲಿ ಬಹಳ ಕಡಿಮೆ.

(ಈ) ಜ್ಯಾದ ಉದ್ದ 6 ಆದರೆ ಅರ್ಧಜ್ಯಾ 3; ಹಾಗಾಗಿ ಕೇಂದ್ರದಿಂದ ರೇಖೆಗಿರುವ ದೂರ √(25 − 9) = 4 ಆಗಬೇಕು.

|2 − k| / 5 = 4, ಅಂದರೆ |k − 2| = 20.

ಇದರಿಂದ k = 22 ಅಥವಾ k = −18. ಕೇಂದ್ರದ ಎರಡೂ ಪಕ್ಕಗಳಲ್ಲಿ ಒಂದೊಂದು ರೇಖೆ ಇರುವುದರಿಂದ ಎರಡು ಬೆಲೆಗಳೂ ಒಪ್ಪತಕ್ಕವು; ಪರಮಮೌಲ್ಯದ ಚಿಹ್ನೆಯನ್ನು ಲೆಕ್ಕಿಸದೆ k = 22 ಒಂದನ್ನೇ ಬರೆದರೆ ಅರ್ಧ ಉತ್ತರ ಬಿಟ್ಟುಹೋಗುತ್ತದೆ. ಇದೇ ಸಂಬಂಧದಲ್ಲಿ ದೂರವನ್ನು 5 ಎಂದು ತೆಗೆದುಕೊಂಡರೆ |k − 2| = 25 ಆಗಿ, k = 27 ಎಂಬುದು (ಆ) ಭಾಗದ ಸ್ಪರ್ಶಕವನ್ನೂ k = −23 ಎಂಬುದು ಅದಕ್ಕೆ ಸಮಾಂತರವಾಗಿ (−1, −5) ಬಿಂದುವಿನಲ್ಲಿ ವೃತ್ತವನ್ನು ಸ್ಪರ್ಶಿಸುವ ಇನ್ನೊಂದು ರೇಖೆಯನ್ನೂ ಕೊಡುತ್ತವೆ. ನಮಗೆ ದೊರೆತ 22 ಮತ್ತು −18 ಇವೆರಡೂ ಈ ಎಲ್ಲೆಗಳ ಒಳಗೇ ಇವೆ.