ರಾಜಿಯಾದ ಕಾರಣ ದೂರು ಹಿಂಪಡೆಯಲು ಮನವಿ

ಸಾಗರ
26 ಮೇ 2025

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು
ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ
ಶಿವಮೊಗ್ಗ

ವಿಷಯ: ದೂರು ಸಂಖ್ಯೆ 214/2024. ಮುಂದಿನ ವಾಯಿದೆ 3 ಜೂನ್ 2025.

ಮಾನ್ಯರೇ,

ಮೇಲಿನ ಪ್ರಕರಣದಲ್ಲಿ ನಾನು ದೂರುದಾರಳು. ವಕೀಲರಿಲ್ಲದೆ ಖುದ್ದಾಗಿ ಕೇಸು ನಡೆಸುತ್ತಿದ್ದೇನೆ. ನನ್ನ ಕುಟುಂಬದ ಆರೋಗ್ಯ ವಿಮೆಯಲ್ಲಿ ಸೇರಿರುವ ನನ್ನ ತಾಯಿಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ₹1,12,600 ಖರ್ಚಾಗಿತ್ತು. ರಕ್ತದೊತ್ತಡ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ ಎಂದು ಹೇಳಿ ಎದುರುದಾರ ವಿಮಾ ಕಂಪನಿಯವರು 14 ಮಾರ್ಚ್ 2024ರಂದು ಕ್ಲೇಮು ತಿರಸ್ಕರಿಸಿದ್ದರಿಂದ, ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಕಲಂ 35ರ ಪ್ರಕಾರ ದೂರು ಸಲ್ಲಿಸಿದ್ದೆ.

ಈಗ ನಮ್ಮಿಬ್ಬರಲ್ಲಿ ರಾಜಿಯಾಗಿದೆ. 6 ಮೇ 2025ರ ರಾಜಿ ಪತ್ರದಂತೆ ₹1,05,250 ಕ್ಲೇಮು ಮತ್ತು ₹8,000 ಕೇಸಿನ ಖರ್ಚು, ಒಟ್ಟು ₹1,13,250, 19 ಮೇ 2025ರಂದು ನನ್ನ ಉಳಿತಾಯ ಖಾತೆಗೆ ಜಮಾ ಆಗಿದೆ. ಹಣ ಕೈಸೇರುವವರೆಗೂ ಈ ಮನವಿ ಬರೆಯಬಾರದೆಂದು ಕಾದಿದ್ದೆ. ಕೈಗವಸು, ನೋಂದಣಿ ಶುಲ್ಕ ಮುಂತಾದವುಗಳ ₹7,350 ಪಾಲಿಸಿಯ ಷರತ್ತಿನಂತೆ ಸಿಗುವುದಿಲ್ಲವೆಂಬುದನ್ನು ಒಪ್ಪಿದ್ದೇನೆ. ಬಡ್ಡಿಯನ್ನೂ ಬಿಟ್ಟಿದ್ದೇನೆ.

ದುಡ್ಡಿಗಿಂತ ಹೆಚ್ಚು ಚರ್ಚೆಯಾದದ್ದು 'ಮುಚ್ಚಿಟ್ಟಿದ್ದೀರಿ' ಎಂಬ ಒಂದು ಮಾತು. ಅಮ್ಮನಿಗೆ ಬಿಪಿ ಇದೆ ಎಂದು ಮೊದಲು ಗೊತ್ತಾದದ್ದೇ ಆಸ್ಪತ್ರೆಗೆ ಸೇರಿದ ದಿನ. ಡಿಸ್ಚಾರ್ಜ್ ಸಾರಾಂಶದಲ್ಲಿ ಅದು ಹಾಗೆಯೇ ಇದೆ. ಕ್ಲೇಮು ಹೋದರೆ ಹೋಗಲಿ, ಸುಳ್ಳು ಹೇಳಿದಳು ಅಂತ ಬರೆದರಲ್ಲ ಎಂಬುದೇ ಅವರ ಕೊರಗು. ಆ ಕಾರಣವನ್ನು ವಾಪಸ್ ಪಡೆದಿರುವುದಾಗಿಯೂ, ಪಾಲಿಸಿಯನ್ನು ಮೊದಲಿನ ದಿನಾಂಕದಿಂದಲೇ ಕಡಿತವಿಲ್ಲದಂತೆ ಮುಂದುವರಿಸುವುದಾಗಿಯೂ ಕಂಪನಿಯವರು ರಾಜಿ ಪತ್ರದ 3ನೇ ಕಲಮಿನಲ್ಲಿ ಬರೆದುಕೊಟ್ಟಿದ್ದಾರೆ. ಇದು ಬಂದ ಮೇಲೆಯೇ ನಾನು ಸಹಿ ಹಾಕಿದ್ದು.

ಆದ್ದರಿಂದ ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ದೂರನ್ನು ಹಿಂಪಡೆಯುತ್ತಿದ್ದೇನೆ. ರಾಜಿ ಪತ್ರವನ್ನು ಕಡತಕ್ಕೆ ಸೇರಿಸಿಕೊಂಡು, ರಾಜಿಯ ಆಧಾರದ ಮೇಲೆ ದೂರು ಮುಕ್ತಾಯವಾಗಿದೆ ಎಂದು ಆದೇಶಿಸಬೇಕೆಂದೂ, 3ನೇ ಕಲಮನ್ನು ಕಂಪನಿಯವರು ಮುರಿದರೆ ಮತ್ತೆ ಆಯೋಗಕ್ಕೆ ಬರುವ ಅವಕಾಶವನ್ನು ನನಗೆ ಕಾಯ್ದಿರಿಸಬೇಕೆಂದೂ ಕೋರುತ್ತೇನೆ. ಮೂಲ ಬಿಲ್ಲುಗಳು ಮತ್ತು ಸ್ಕ್ಯಾನಿಂಗ್ ವರದಿ ಅಮ್ಮನ ಮುಂದಿನ ತಪಾಸಣೆಗೆ ಬೇಕಾಗಿವೆ; ಜೆರಾಕ್ಸ್ ಪ್ರತಿ ಇಟ್ಟುಕೊಂಡು ಅವನ್ನು ಹಿಂದಿರುಗಿಸಬೇಕು.

ಈ ಮನವಿಯ ಪ್ರತಿಯನ್ನು ಎದುರುದಾರರ ವಕೀಲರಿಗೆ ಕೊಟ್ಟಿದ್ದೇನೆ. ಆಕ್ಷೇಪವಿಲ್ಲವೆಂದು ಅವರು ಬರೆದು ಸಹಿ ಮಾಡಿದ್ದಾರೆ. ವಾಯಿದೆಯ ದಿನ ಖುದ್ದು ಹಾಜರಿರುತ್ತೇನೆ.

ತಮ್ಮ ವಿಶ್ವಾಸಿ,
ಸವಿತಾ ಎಂ. ಎನ್.
ದೂರುದಾರಳು

ಲಗತ್ತು: ರಾಜಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಪುಟದ ಪ್ರತಿ, ಗುರುತಿನ ಚೀಟಿಯ ಪ್ರತಿ